ಬೆದೆ ತಪ್ಪಿದ ಸೀಮೆ ಹಸು, ಕರು ಕಳಕೊಂಡ ನಾಟಿ ಹಸು

"ಡಾಕ್ಟ್ರೇ, ನಾಟಿ ಹಸು ಕಟ್ಟೋದಾ, ಸೀಮೆ ಹಸು ಕಟ್ಟೋದಾ?" ಈ ಪ್ರಶ್ನೆ ಬಂದಾಗ ನಾನು ಹಾಲಿನ ಲೆಕ್ಕಕ್ಕೆ ಮೊದಲು ಇನ್ನೊಂದು ಕೇಳುತ್ತೇನೆ: ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗೋರು ಮನೇಲಿ ಯಾರು?

ತಿಪಟೂರು ಕಡೆಯ ಒಂದು ಮನೆಯಲ್ಲಿ ಎರಡೂ ಇದ್ದವು. ಸೀಮೆಯದು ಹಾಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್ ಮಿಶ್ರತಳಿ ಒಂದು, ನಾಟಿಯದು ಹಳ್ಳಿಕಾರ್ ಒಂದು. ಸೀಮೆ ಹಸು ಕಾರ್ತಿಕದಲ್ಲಿ ಕರು ಹಾಕಿ ದಿನಕ್ಕೆ 12 ಲೀಟರ್ ಕೊಡುತ್ತಿತ್ತು. ಹಳ್ಳಿಕಾರ್ ಎರಡು ಲೀಟರ್.

ಸುಮ್ನೆ ಒಂದು ಲೆಕ್ಕ ಹಾಕೋಣ. ಹಾಲು ಲೀಟರಿಗೆ 35 ರೂಪಾಯಿ, ಪಶು ಆಹಾರ ಕೆಜಿಗೆ 25 ಅಂತ ಇಟ್ಟುಕೊಳ್ಳಿ. ಸೀಮೆ ಹಸುವಿಗೆ ಮೈ ಕಾಯಲು ಒಂದೂವರೆ ಕೆಜಿ, ಮೇಲೆ ಲೀಟರಿಗೆ 400 ಗ್ರಾಂ ಬೇಕು. 12 ಲೀಟರಿಗೆ ಆರು ಕೆಜಿ ಚಿಲ್ಲರೆ. ಅಂದರೆ ಸುಮಾರು 158 ರೂಪಾಯಿ ಖರ್ಚು, ಹಾಲಿಂದ 420. ಉಳಿದ ಇನ್ನೂರರವತ್ತರಲ್ಲಿ ಹುಲ್ಲಿನ ಖರ್ಚು ಕಳೆದರೂ ಕೈಗೆ ಏನಾದರೂ ನಿಲ್ಲುತ್ತೆ. ಅದೇ ಹಸು ನಾಲ್ಕು ಲೀಟರಿಗೆ ಇಳಿದಾಗ? ಹಾಲು 140, ಆಹಾರ 78. ಉಳಿಯೋ 62 ರೂಪಾಯಿ ರಾಗಿ ಹುಲ್ಲಿಗೇ ಸಾಲದು. ಹಾಗಾಗಿ ಸೀಮೆ ಹಸು ಕಟ್ಟುವವರು ಎಷ್ಟು ಲೀಟರ್ ಅಂತ ಕೇಳಿದರೆ ಸಾಲದು, ಮುಂದಿನ ಕರು ಯಾವಾಗ ಅನ್ನೋದನ್ನೂ ನೋಡಬೇಕು.

ಆ ಮನೆಯಲ್ಲಿ ಎಡವಿದ್ದು ಅಲ್ಲೇ. ಕರು ಹಾಕಿ ಮೂರು ತಿಂಗಳೊಳಗೆ ಗಬ್ಬ ನಿಲ್ಲಬೇಕಿತ್ತು. ಮೂರು ಸಲ ಇಂಜೆಕ್ಷನ್, ಅಂದರೆ ಹೋರಿಯ ಬೀಜ ಕೊಡಿಸಿದರೂ ನಿಲ್ಲಲಿಲ್ಲ. ಗರ್ಭಕೋಶ ಪರೀಕ್ಷೆ ಮಾಡಿದೆ, ದೋಷ ಏನೂ ಸಿಗಲಿಲ್ಲ. ತಪ್ಪಿದ್ದು ಹೊತ್ತು. ಯಜಮಾನರು ಹಸು ಕೂಗಿದಾಗ ಮಾತ್ರ ಬೆದೆ ಅಂತ ಲೆಕ್ಕ ಹಿಡಿಯುತ್ತಿದ್ದರು. ಒಂಟಿಯಾಗಿ ಕಟ್ಟಿದ ಹಸುವಿಗೆ ಮೇಲೆ ಹತ್ತಲು ಇನ್ನೊಂದು ಹಸು ಪಕ್ಕದಲ್ಲಿರಲ್ಲ. ಬೇಸಿಗೆಯಲ್ಲಿ ಎಚ್‌ಎಫ್ ಹಸುವಿನ ಬೆದೆ ಎಷ್ಟೋ ಸಲ ರಾತ್ರಿಯೇ ಬಂದು ಹೋಗುತ್ತೆ, ಕೂಗೂ ಇರಲ್ಲ.

"ಬೆಳಿಗ್ಗೆ ಐದಕ್ಕೆ, ರಾತ್ರಿ ಊಟ ಆದಮೇಲೆ, ಟಾರ್ಚ್ ಹಿಡಿದು ಹಿಂದುಗಡೆ ನೋಡಿ" ಅಂದೆ. ಹಸು ಮಲಗಿದ್ದಾಗ ಬಾಲದ ಕೆಳಗೆ, ನೆಲದ ಮೇಲೆ, ಮೊಟ್ಟೆಯ ಬಿಳಿ ಭಾಗದಂಥ ತಿಳಿ ಲೋಳೆ ದಾರದ ಹಾಗೆ ಇಳಿದಿರುತ್ತೆ. ಬೆಳಿಗ್ಗೆ ಕಂಡರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ.

ಕೆಲವು ದಿನದ ಮೇಲೆ ಆ ಮನೆಯ ಸೊಸೆ ಫೋನ್ ಮಾಡಿದರು. "ಸಾರ್, ಬಾಲಕ್ಕೆ ರಕ್ತ ಹತ್ತಿದೆ, ಇಂಜೆಕ್ಷನ್ ಕೊಡಿಸಲಾ?" ಬೇಡ ಅಂದೆ. ರಕ್ತ ಕಂಡಿತು ಅಂದರೆ ಬೆದೆ ಮುಗಿದು ಒಂದೆರಡು ದಿನ ಆಗಿರುತ್ತೆ. ಆದರೆ ಆ ತಾರೀಕು ಬಂಗಾರ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ರಕ್ತ ಕಂಡ 17ನೇ ದಿನದಿಂದ ಕಾಯಲು ಹೇಳಿದೆ. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. 19ನೇ ದಿನ ಸಂಜೆ ಲೋಳೆ ಕಂಡಿತು, ಮರುದಿನ ಬೆಳಿಗ್ಗೆ ಇಂಜೆಕ್ಷನ್. ಮೂರು ತಿಂಗಳ ಮೇಲೆ ಕೈ ಹಾಕಿ ನೋಡಿದೆ, ಗಬ್ಬ. ಸಂತೋಷವೇ, ಆದರೆ ಗಬ್ಬ ನಿಲ್ಲುವಷ್ಟರಲ್ಲಿ ನಾಲ್ಕು ತಿಂಗಳು ದಂಡವಾಗಿ ಹೋಗಿತ್ತು.

ಹಳ್ಳಿಕಾರ್‌ಗೆ ಈ ತಲೆನೋವು ಇರಲಿಲ್ಲ. ಕೆರೆಯಂಗಳದಲ್ಲಿ ಮೇದು, ಹೋರಿ ಜೊತೆ ತಿರುಗಿ ತಾನೇ ಗಬ್ಬ ಆಗುತ್ತಿತ್ತು. ಬಿಸಿಲು ತಡೆಯುತ್ತಿತ್ತು. ಅದರ ಕಷ್ಟ ಬೇರೆ. ಇಪ್ಪತ್ತು ದಿನದ ಕರು ಭೇದಿಯಾಗಿ ಸತ್ತಿತು. ಮರುದಿನ ಹಸು ಒದ್ದಿತು, ಸೊರೆ ಬಿಡಲಿಲ್ಲ. ವಾರದಲ್ಲಿ ಹಾಲು ಬತ್ತಿತು. ಸೀಮೆ ಹಸುವನ್ನು ಮೊದಲಿಂದಲೇ ಕರು ಇಲ್ಲದೆ ಕರೆದು ರೂಢಿ ಮಾಡಬಹುದು. ಕೆಚ್ಚಲು ತೊಳೆದು ಆಹಾರ ಇಟ್ಟರೆ ಹಾಲು ಇಳಿಯುತ್ತೆ. ನಾಟಿ ಹಸುವಿಗೆ ಸಾಮಾನ್ಯವಾಗಿ ಕರು ಬಾಯಿ ಹಾಕಲೇಬೇಕು. ಅದಕ್ಕೇ ಕರು ಉಳಿಯಲಿ ಅಂತ ಹುಟ್ಟಿದ ಗಂಟೆ ಎರಡು ಗಂಟೆಯಲ್ಲಿ ಗಿಣ್ಣು ಕುಡಿಸಿ, ಎರಡು ವಾರ ಆದಮೇಲೆ ಡಾಕ್ಟರ್ ಕೇಳಿ ಜಂತಿನ ಔಷಧ ಹಾಕಿ.

ಇನ್ನೊಂದು ಮಾತು, ಹಳ್ಳಿಕಾರ್ ಎತ್ತಿನ ತಳಿ, ಹಾಲಿನ ತಳಿ ಅಲ್ಲ. ಅದರ ದುಡ್ಡು ಗಂಡು ಕರುವಿನಲ್ಲಿದೆ. ನಾಟಿ ಹಸುವಿನ ಹಾಲು ಎ2, ಅದಕ್ಕೆ ಬೆಲೆ ಜಾಸ್ತಿ ಅಂತ ಹೇಳುತ್ತಾರಲ್ವಾ, ಊರ ಡೇರಿಯ ಕ್ಯಾನಿಗೆ ಬಿದ್ದ ಮೇಲೆ ಫ್ಯಾಟ್ ನೋಡಿ ದುಡ್ಡು ಕೊಡುತ್ತಾರೆ, ತಳಿ ನೋಡಿ ಅಲ್ಲ. ಮನೆಗೆ ಹಾಲು ತುಪ್ಪ ಬೇಕು, ಮೇಯಲು ಜಾಗ ಇದೆ, ನೀರಾವರಿ ಇಲ್ಲ ಅಂದರೆ ನಾಟಿ ಹಸು ಕಟ್ಟಿ. ಹಸಿ ಹುಲ್ಲು ಸ್ವಂತದ್ದಿದ್ದು, ಡೇರಿಗೆ ಹಾಲು ಹಾಕಬೇಕು, ಕತ್ತಲಲ್ಲೂ ಟಾರ್ಚ್ ಹಿಡಿಯೋರಿದ್ದಾರೆ ಅಂದರೆ ಒಂದು ಸೀಮೆ ಹಸು. ಎರಡು ಬೇಡ, ಮೊದಲು ಒಂದೇ.

ಆ ಮನೆಯವರಿಗೆ ಮುಂದಿನ ಸಲ ಅಪ್ಪಟ ಎಚ್‌ಎಫ್ ಬೀಜ ಬೇಡ, ಮಿಶ್ರತಳಿ ಹೋರಿಯದ್ದೇ ಕೇಳಿ ಅಂದಿದ್ದೇನೆ. ಪ್ರತಿ ಸಲವೂ ಅಪ್ಪಟದ್ದೇ ಕೊಡಿಸುತ್ತಾ ಹೋದರೆ ಹುಟ್ಟೋ ಕಡಸು ಇನ್ನಷ್ಟು ಬಿಸಿಲಿಗೆ ಹೆದರುತ್ತೆ. ಕ್ಯಾಲೆಂಡರ್ ಈಗ ಕೊಟ್ಟಿಗೆಯ ಗೋಡೆಗೇ ಬಂದಿದೆ.