"ಅಂತ" ವ್ಯಾಕರಣ ಆಗಿದ್ದು ಹೇಗೆ, ಸಾಗರದ ಕಡೆ "ಹೇಳಿ" ಅದೇ ದಾರೀಲಿ ಹೋಗಿದ್ದು ಹೇಗೆ

ಸಾಗರ, ಹೊಸನಗರದ ಹವ್ಯಕರ ಮನೆಗಳಲ್ಲಿ "ಆನು ಬತ್ತಿ ಹೇಳಿ ಹೇಳ್ದ" ಅನ್ನೋ ಥರದ ವಾಕ್ಯ ದಿನಾ ಕಿವಿಗೆ ಬೀಳುತ್ತೆ. ಹೊಸಬರಿಗೆ ಇದೇನು ಎರಡೆರಡು ಸಲ ಹೇಳಿ ಹೇಳಿ ಅಂತಾರಲ್ಲ ಅನ್ಸುತ್ತೆ, ಆದ್ರೆ ಆಡೋರಿಗೆ ಅಲ್ಲಿ ಎರಡು ಸಲ ಏನೂ ಇಲ್ಲ. ಶಿವಮೊಗ್ಗ ಪೇಟೇಲಿ "ಬರ್ತೀನಿ ಅಂತ ಹೇಳ್ದ" ಅಂದಾಗ ಅಂತ ಮಾಡೋ ಕೆಲಸವನ್ನ ಅಲ್ಲಿ ಮೊದಲನೇ ಹೇಳಿ ಮಾಡ್ತಿದೆ, ಅಂದ್ರೆ ಇಲ್ಲೀವರೆಗೆ ಬಂದಿದ್ದು ಇನ್ನೊಬ್ಬರ ಮಾತು, ಇಲ್ಲಿಗೆ ಮುಗೀತು, ಮುಂದಿನದು ನನ್ನ ವಾಕ್ಯ ಅಂತ ಗುರುತು ಹಾಕೋ ಕೆಲಸ.

ಅಂತ ಅನ್ನೋದು ಹುಟ್ಟಿದ್ದೂ ಹೀಗೇ. ಹಳಗನ್ನಡದಲ್ಲಿ ಎನ್ ಅನ್ನೋ ಕ್ರಿಯಾಪದ ಇತ್ತು, ಈಗಿನ ಅನ್ನು. ಅದರಿಂದ ಬಂದ ಎಂದು ಅನ್ನೋದರ ಮೂಲ ಅರ್ಥ "ಹೇಳಿ", ತಿಂದು, ಬಂದು ಇದ್ದ ಹಾಗೇನೇ. ಮಾತಿನ ಅಂತ ಬಂದಿದ್ದು ಅನ್ನುತ್ತ ಸವೆದು ಅನ್ನೋದು ಸಾಮಾನ್ಯವಾಗಿ ಕೊಡೋ ವಿವರಣೆ. ಹಾಗಾಗಿ "ಬರುತ್ತೇನೆ ಎಂದು ಹೇಳಿದ" ಅನ್ನೋದು ಮೊದಮೊದಲು ಎರಡು ಕ್ರಿಯೆಗಳ ಸಾಲು, ಬರುತ್ತೇನೆ ಅಂದು ಆಮೇಲೆ ಇನ್ನೊಂದು ಮಾಡಿದ. ಬರ್ತಾ ಬರ್ತಾ ಮೊದಲನೇದು ಕ್ರಿಯೆಯಾಗಿ ಉಳೀಲಿಲ್ಲ, ಕೊಂಡಿ ಆಯ್ತು.

ಈ ಬದಲಾವಣೆ ನಿನ್ನೆ ಮೊನ್ನೇದಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯವನು ಅಂತ ಪರಂಪರೆ ಹೇಳೋ ಅಲ್ಲಮಪ್ರಭುವಿನ ವಚನಗಳನ್ನೇ ನೋಡಿ, 12ನೇ ಶತಮಾನ. "ಹೊನ್ನು ಮಾಯೆ ಎಂಬರು" ಅಂತಾನಲ್ಲ, ಅಲ್ಲಿ ಎಂಬರು ಪೂರ್ತಿ ಕ್ರಿಯಾಪದ, ಜನ ಹಾಗೆ ಹೇಳ್ತಾರೆ ಅಂತ ಅರ್ಥ. ಆದ್ರೆ "ಗುಹೇಶ್ವರನೆಂಬ" ಅಂದಾಗ ಯಾರೂ ಏನೂ ಹೇಳ್ತಿಲ್ಲ, ಅದೇ ಕ್ರಿಯಾಪದದ ಎಂಬ ಬರೀ ಹೆಸರು ಅಂಟಿಸ್ತಿದೆ. ಒಂದೇ ಕವಿಯ ಮಾತಲ್ಲಿ ಜೀವಂತ ಕ್ರಿಯಾಪದಾನೂ ಇದೆ, ವ್ಯಾಕರಣವಾಗಿ ಗಟ್ಟಿಯಾದ ರೂಪಾನೂ ಇದೆ, ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಒಂದು ಪದ ಕ್ರಿಯಾಪದವಾಗಿ ಉಳಿದಿದೆಯೋ ಕೊಂಡಿ ಆಗಿದೆಯೋ ಅಂತ ಪತ್ತೆ ಮಾಡೋಕೆ ಮೊದಲನೇ ದಾರಿ, ಯಾರೂ ಬಾಯಿ ಬಿಡದ ಕಡೆ ಅದು ಬರುತ್ತಾ ನೋಡೋದು. "ಮಳೆ ಬರುತ್ತೆ ಅಂತ ಅಡಿಕೆ ಒಳಗೆ ತಂದೆ" ಅಂದಾಗ ಅಂಗಳದಲ್ಲಿ ಯಾರೂ ಮಾತಾಡಿಲ್ಲ, ಬರೀ ಕಾರಣ ಇದೆ. "ಧಡ್ ಅಂತ ಬಿತ್ತು" ಅನ್ನೋದರಲ್ಲಂತೂ ಮಾತಾಡೋ ಮನುಷ್ಯನೇ ಇಲ್ಲ. ಎರಡನೇದು, ಅದಕ್ಕೆ ಕ್ರಿಯಾವಿಶೇಷಣ ಅಂಟುತ್ತಾ ನೋಡೋದು. "ಜೋರಾಗಿ ಹೇಳ್ದ" ಸರಿ, ಆದ್ರೆ "ಬರ್ತೀನಿ ಜೋರಾಗಿ ಅಂತ ಹೇಳ್ದ" ಅಂದ್ರೆ ಕಿವಿ ಒಪ್ಪಲ್ಲ, ಯಾಕಂದ್ರೆ ಅಂತ ಒಳಗೆ ಜೋರು ಮಾಡೋಕೆ ಕ್ರಿಯೆಯೇ ಉಳಿದಿಲ್ಲ.

ಈಗ ಮತ್ತೆ ಹೇಳಿ ವಿಷಯಕ್ಕೆ. ನಮ್ಮಲ್ಲಿ ಹವ್ಯಕರಲ್ಲದೋರೂ "ಮಳೆ ಬರುತ್ತೆ ಅಂತ ಹೇಳಿ ಕೊಡೆ ತಂದೆ" ಅಂತಾರೆ, ಅಲ್ಲೂ ಯಾರೂ ಏನೂ ಹೇಳಿಲ್ಲ, ಹೇಳಿ ಆಗ್ಲೇ ಅರ್ಥ ಕಳ್ಕೊಂಡು ಅಂತ ಜೊತೆ ಸೇರ್ಕೊಂಡಿದೆ. ಹವ್ಯಕರ ಮಾತಲ್ಲಿ ಅಂತ ಬೇಕಾಗೇ ಇಲ್ಲ, ಹೇಳಿ ಒಂದೇ ಆ ಜಾಗದಲ್ಲಿ ನಿಂತಿದೆ, ನಾವು "ಯಾಕಂದ್ರೆ" ಅನ್ನೋ ಕಡೆ ಅವರು "ಎಂತಕ್ಕೆ ಹೇಳಿರೆ" ಅಂತಾರೆ. ಹಳೇ ಕ್ರಿಯಾಪದ ಸವೆದ ಮೇಲೆ ಅದೇ ಅರ್ಥದ ಇನ್ನೊಂದು ಕ್ರಿಯಾಪದ ಅದೇ ಕೆಲಸಕ್ಕೆ ಬಂದಿದೆ. ಶಿವಮೊಗ್ಗ ಮಾರ್ಕೆಟ್ಟಲ್ಲಿ ಕೇಳೋ ದಖನಿ ಉರ್ದುವಿನ "ಬೋಲ್ಕೆ" ಕೂಡ ಹೀಗೇ. ಹಿಂದಿಯ "ಕಿ" ಮಾತಿನ ಮುಂಚೆ ಬರುತ್ತೆ, ದಖನಿಯ ಬೋಲ್ಕೆ ನಮ್ಮ ಅಂತ ಥರ ಮಾತಾದ ಮೇಲೆ ಬರುತ್ತೆ. ದೂರದ ಘಾನಾ, ಟೋಗೋ ದೇಶಗಳ ಎವೆ ಭಾಷೆಯಲ್ಲಿ "ಬೆ" ಅಂದ್ರೆ ಹೇಳು, ಅದೇ ಅಲ್ಲಿ ಕೊಂಡಿ ಕೂಡ, ನಮಗೂ ಅವರಿಗೂ ಸಂಬಂಧವೇ ಇಲ್ದೆ ಇದ್ರೂ. ಸಂಸ್ಕೃತದ "ಇತಿ" ಮಾತ್ರ ಬೇರೆ, ಅದು ಹೇಳು ಅನ್ನೋ ಕ್ರಿಯೆಯಿಂದ ಬಂದಿದ್ದಲ್ಲ, "ಹೀಗೆ" ಅನ್ನೋ ಅರ್ಥದ ಪದ. ಆದ್ರೂ ಅದು ಮಾತಿನ ಕೊನೇಲಿ ನಿಲ್ಲೋದು ದ್ರಾವಿಡದ ಪ್ರಭಾವ ಇರಬಹುದು ಅಂತ ಭಾಷಾವಿಜ್ಞಾನಿ ಕೈಪರ್ 1967ರಲ್ಲಿ ವಾದಿಸಿದ್ರು, 1982ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಹಾಕ್ ಅದನ್ನ ಪ್ರಶ್ನೆ ಮಾಡಿದ್ರು, ಆ ಚರ್ಚೆ ಇನ್ನೂ ಇದೆ.

ಕೊಂಡಿ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ, ಒಳಗಿನ ಮಾತಿಗೆ ಏನಾಗುತ್ತೆ ಅನ್ನೋದೇ ಕಷ್ಟದ ಭಾಗ. ಅಡಿಕೆ ಕೊಯ್ಲಿನ ಟೈಮಲ್ಲಿ, ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ ಫೋನ್ ಮಾಡಿ ಅಮ್ಮನಿಗೆ "ನಾಳೆ ನಾನು ನಿಮ್ಮ ತೋಟಕ್ಕೆ ಬರ್ತೀನಿ" ಅಂತಾನೆ ಅಂದ್ಕೊಳಿ. ಅಮ್ಮ ಬಂದು ಅಪ್ಪನಿಗೆ "ಕೊನೆಗೌಡ ನಾಳೆ ತಾನು ನಮ್ಮ ತೋಟಕ್ಕೆ ಬರ್ತೀನಿ ಅಂತ ಹೇಳ್ದ ಕಣ್ರೀ" ಅಂತಾರೆ. ಇಲ್ಲಿ ನಿಮ್ಮ ಹೋಗಿ ನಮ್ಮ ಆಯ್ತು, ಅದು ಅಮ್ಮನ ಕಡೆಯಿಂದ ನೋಡಿದ್ದು. ನಾನು ಹೋಗಿ ತಾನು ಆಯ್ತು. ಆದ್ರೆ ಬರ್ತೀನಿ ಹಾಗೇ ಉಳೀತು, ಅದು ಕೊನೆಗೌಡನ ಬಾಯಿಂದ ಬಂದಿದ್ದೇ. ಒಂದೇ ವಾಕ್ಯದಲ್ಲಿ ಇಬ್ಬರೂ ಇದಾರೆ. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಡೈರೆಕ್ಟ್, ಇನ್‌ಡೈರೆಕ್ಟ್ ಅಂತ ಎರಡು ಡಬ್ಬ ಮಾಡಿ ಕೊಡ್ತಾರಲ್ಲ, ಈ ವಾಕ್ಯ ಎರಡರಲ್ಲೂ ಕೂರಲ್ಲ, ಅದನ್ನ ತಪ್ಪು ಕನ್ನಡ ಅಂತ ತಿದ್ದೋದು ಸರಿಯಲ್ಲ, ಕನ್ನಡದ ಪದ್ಧತಿಯೇ ಅದು.

ಆ ತಾನು ಬಹಳ ಮುಖ್ಯ. "ಅವನು ಬರ್ತಾನೆ ಅಂತ ಹೇಳ್ದ" ಅಂದ್ರೆ ಕೊನೆಗೌಡನೋ ಅವನ ತಮ್ಮನೋ ಗೊತ್ತಾಗಲ್ಲ, ತಾನು ಅಂದ ಕೂಡಲೇ ಹೇಳಿದವನೇ ಬರೋನು ಅಂತ ಖಚಿತ. ಎವೆ ಭಾಷೆಯಲ್ಲಿ ಇದಕ್ಕೇ ಮೀಸಲಾದ ಬೇರೆ ಸರ್ವನಾಮ ಇದೆ, ಆಫ್ರಿಕಾದ ಇಂಥ ಸರ್ವನಾಮಗಳಿಗೆ ಭಾಷಾವಿಜ್ಞಾನಿ ಹಾಜೆಜ್ 1974ರಲ್ಲಿ ಲೋಗೊಫೋರಿಕ್ ಅಂತ ಹೆಸರಿಟ್ಟರು. ತಾನು ಇಲ್ದೆ "ನಾನು ನೋಡಿಲ್ಲ ಅಂತ ಅವನು ಹೇಳ್ದ" ಅಂದ್ರೆ ನೋಡದೇ ಇದ್ದಿದ್ದು ಅವನೋ, ಈಗ ಮಾತಾಡ್ತಿರೋ ನಾನೋ? ಎದುರಿಗೆ ಕೂತಿದ್ರೆ ದನಿಯಲ್ಲಿ, ಸಂದರ್ಭದಲ್ಲಿ ಗೊತ್ತಾಗುತ್ತೆ, ಬರೆದ ಹೇಳಿಕೆಯಲ್ಲಿ ದನಿ ಇರಲ್ಲ, ಹಾಗಾಗಿ ಯಾರ ಮೇಲೆ ಬೇಕಾದ್ರೂ ಹೊರೆ ಬೀಳಬಹುದು.

ಇನ್ನೊಂದು ತೊಡಕು, ಅಂತ ಮಾತಿನ ಕೊನೆ ತೋರಿಸುತ್ತೆ, ಶುರು ತೋರಿಸಲ್ಲ. "ನಿನ್ನೆ ರವಿ ಬಂದ ಅಂತ ಅಮ್ಮ ಹೇಳಿದ್ರು" ಅಂದಾಗ ರವಿ ಬಂದಿದ್ದು ನಿನ್ನೆಯೋ, ಅಮ್ಮ ಹೇಳಿದ್ದು ನಿನ್ನೆಯೋ? ಉದ್ಧರಣ ಚಿಹ್ನೆ ನಮಗೆ ಬಂದಿದ್ದು ಅಚ್ಚಿನ ಜೊತೆ, ಓಲೆಗರಿಯಲ್ಲಿ ಅದು ಇರಲಿಲ್ಲ, ಅಷ್ಟೂ ಭಾರ "ಎಂದು", "ಎನೆ" ಥರದ ಪದಗಳ ಮೇಲೆ ಮತ್ತೆ ಓದೋನ ಗಮನದ ಮೇಲೆ. ಪೇಪರ್‌ನೋರು ಇದನ್ನ ತಪ್ಪಿಸೋಕೆ "ಬರುವುದಾಗಿ ಹೇಳಿದರು" ಅಂತ ಬರೀತಾರೆ. ಅದು ಕ್ಲೀನಾಗೇನೋ ಇದೆ, ಆದ್ರೆ ಬರ್ತೀನಿ ಅನ್ನೋದರಲ್ಲಿದ್ದ ಆ ಮನುಷ್ಯನ ಬಾಯಿ ಹೋಗಿಬಿಡುತ್ತೆ, ಅವನು ಬರ್ತೀನಿ ಅಂದ್ನೋ, ಬರಬಹುದು ಅಂದ್ನೋ, ನೋಡೋಣ ಅಂದ್ನೋ ಅಂತ ಓದೋರಿಗೆ ತಿಳಿಯಲ್ಲ. ಸಭೆ ನಡಾವಳಿ ಅಥವಾ ಯಾರದಾದ್ರೂ ಹೇಳಿಕೆ ಬರ್ಕೊಳೋರು ಇಂಥ ಕಡೆ ಅಂತ, ತಾನು ಎರಡನ್ನೂ ಬಿಡಬಾರದು, ಶುರುವಿಗೆ ಒಂದು ಉದ್ಧರಣ ಚಿಹ್ನೆ ಹಾಕಬೇಕು, ನಿನ್ನೆ, ನಾಳೆಯಂಥ ಪದಗಳ ಪಕ್ಕ ತಾರೀಕು ಬರೀಬೇಕು.