ಮೂಲೆಯ ಮೂರು ನಿರ್ಧಾರಕಗಳು: ಧನ ನಿಶ್ಚಿತ ಮಾತೃಕೆಯನ್ನು ಗುರುತಿಸುವ ಬಗೆ

x, y, z ಎಂಬ ಮೂರು ಚರಗಳಿರುವ ಈ ವರ್ಗರೂಪವನ್ನು ನೋಡೋಣ.

```
Q = 4x² + 5y² + 6z² + 4xy − 4xz + 6yz
```

ಮೂರೂ ಚರಗಳು ಒಟ್ಟಿಗೆ ಸೊನ್ನೆಯಾದಾಗ Q ಸೊನ್ನೆಯಾಗುತ್ತದೆ. ಉಳಿದ ಎಲ್ಲ ಬೆಲೆಗಳಿಗೂ ಅದು ಸೊನ್ನೆಗಿಂತ ಹೆಚ್ಚೇ ಆಗಿರುತ್ತದೆಯೇ ಎಂಬುದು ಪ್ರಶ್ನೆ. ಹೌದಾದರೆ ಅಂಥ ವರ್ಗರೂಪವನ್ನೂ ಅದರ ಮಾತೃಕೆಯನ್ನೂ ಧನ ನಿಶ್ಚಿತ ಎನ್ನುತ್ತಾರೆ. ಹಲವು ಚರಗಳ ಫಲನವೊಂದು ಒಂದು ಬಿಂದುವಿನಲ್ಲಿ ಕನಿಷ್ಠ ಬೆಲೆಯನ್ನು ತಲುಪಿದೆಯೇ ಎಂದು ಎರಡನೆಯ ಅವಕಲನಗಳ ಮೂಲಕ ಪರೀಕ್ಷಿಸುವಾಗ ನಾವು ಕೇಳುವುದು ಇದೇ ಪ್ರಶ್ನೆಯನ್ನು. ಬೆಲೆಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಉತ್ತರ ಎಂದಿಗೂ ಪೂರ್ತಿಯಾಗುವುದಿಲ್ಲ. ಇಂಗ್ಲೆಂಡಿನ ಗಣಿತಜ್ಞ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ (1814–1897) ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪರೀಕ್ಷೆ ಈ ಕೆಲಸವನ್ನು ಮೂರೇ ನಿರ್ಧಾರಕಗಳಲ್ಲಿ ಮುಗಿಸುತ್ತದೆ.

ಮೊದಲು ಮಾತೃಕೆಯನ್ನು ಬರೆದುಕೊಳ್ಳಬೇಕು. ವರ್ಗಪದಗಳ ಗುಣಾಂಕಗಳು ಕರ್ಣದ ಮೇಲೆ ಹಾಗೆಯೇ ಕೂರುತ್ತವೆ. xy, xz, yz ಪದಗಳ ಗುಣಾಂಕಗಳನ್ನು ಮಾತ್ರ ಅರ್ಧ ಮಾಡಿ, ಕರ್ಣದ ಎರಡೂ ಬದಿಗೆ ಒಂದೊಂದು ಪಾಲನ್ನು ಇಡಬೇಕು.

```
      |  4   2  −2 |
A  =  |  2   5   3 |
      | −2   3   6 |
```

ಇಲ್ಲಿ ಎಡಭಾಗದ ಮೇಲಿನ ಮೂಲೆಯಿಂದ ಆರಂಭಿಸಿ 1×1, 2×2, 3×3 ಚೌಕಗಳನ್ನು ತೆಗೆದುಕೊಂಡು ಅವುಗಳ ನಿರ್ಧಾರಕಗಳನ್ನು ಕಂಡುಹಿಡಿಯಬೇಕು. ಇವೇ ಅಗ್ರ ಪ್ರಧಾನ ಉಪನಿರ್ಧಾರಕಗಳು.

```
D1 = 4
D2 = 4·5 − 2·2 = 16
D3 = 4(30 − 9) − 2(12 + 6) + (−2)(6 + 10) = 84 − 36 − 32 = 16
```

ಮೂರೂ ಸೊನ್ನೆಗಿಂತ ಹೆಚ್ಚಾಗಿರುವುದರಿಂದ A ಧನ ನಿಶ್ಚಿತ. ಪರೀಕ್ಷೆ ಇಷ್ಟೇ. ಆದರೆ ಇದನ್ನು ಬಾಯಿಪಾಠವಾಗಿ ಕಲಿತವರೇ ಹೆಚ್ಚು ಎಡವುವುದರಿಂದ, ಈ ಮೂರು ಸಂಖ್ಯೆಗಳು ನಿಜಕ್ಕೂ ಏನನ್ನು ಅಳೆಯುತ್ತವೆ ಎಂಬುದನ್ನು ನೋಡುವುದು ಒಳ್ಳೆಯದು.

ಶಾಲೆಯಲ್ಲಿ ವರ್ಗ ಸಮೀಕರಣ ಬಿಡಿಸಲು ಬಳಸುತ್ತಿದ್ದ ವರ್ಗ ಪೂರ್ಣಗೊಳಿಸುವ ವಿಧಾನವನ್ನೇ Q ಮೇಲೆ ಪ್ರಯೋಗಿಸೋಣ. x ಇರುವ ಪದಗಳನ್ನೆಲ್ಲ ಒಂದು ವರ್ಗದೊಳಗೆ ಸೇರಿಸಿದರೆ 4(x + y/2 − z/2)² ದೊರೆಯುತ್ತದೆ. ಇದನ್ನು Q ನಿಂದ ಕಳೆದಾಗ 4y² + 8yz + 5z² ಉಳಿಯುತ್ತದೆ. ಅದರಲ್ಲಿ y ಇರುವ ಪದಗಳನ್ನು ಮತ್ತೆ ಹಾಗೆಯೇ ಸೇರಿಸಿದರೆ 4(y + z)² ಬಂದು, ಕೊನೆಗೆ ಬರಿಯ z² ಉಳಿಯುತ್ತದೆ.

```
Q = 4(x + y/2 − z/2)² + 4(y + z)² + 1·z²
```

ಮುಂದಿರುವ ಗುಣಾಂಕಗಳು 4, 4, 1. ಇವು ಕ್ರಮವಾಗಿ D1, D2/D1, D3/D2 ಆಗಿರುವುದು ಕಾಕತಾಳೀಯವಲ್ಲ. ವರ್ಗ ಪೂರ್ಣಗೊಳಿಸುವುದೆಂದರೆ, ಮೇಲಿನ ಅಡ್ಡಸಾಲಿನ ತಕ್ಕ ಪಟ್ಟನ್ನು ಕೆಳಗಿನ ಸಾಲುಗಳಿಂದ ಕಳೆಯುತ್ತಾ ಹೋಗುವುದೇ ಆಗಿದೆ. ಹಾಗೆ ಕಳೆದಾಗ ಮೂಲೆಯ ಯಾವ ಚೌಕದ ನಿರ್ಧಾರಕವೂ ಬದಲಾಗುವುದಿಲ್ಲ. ಕೊನೆಯಲ್ಲಿ ಕರ್ಣದ ಕೆಳಗೆಲ್ಲ ಸೊನ್ನೆಗಳಾಗಿ, ಪ್ರತಿ ಚೌಕದ ನಿರ್ಧಾರಕವು ಕರ್ಣದ ಸಂಖ್ಯೆಗಳ ಗುಣಲಬ್ಧವಷ್ಟೇ ಆಗುತ್ತದೆ: 4, 4·4, 4·4·1. ಆದ್ದರಿಂದ ಮೂರೂ ಉಪನಿರ್ಧಾರಕಗಳು ಧನವಾಗಿದ್ದರೆ ಮೂರೂ ವರ್ಗಗಳ ಗುಣಾಂಕಗಳು ಧನವಾಗಿರುತ್ತವೆ. ಆಗ Q ಸೊನ್ನೆಯಾಗಬೇಕಾದರೆ ಮೊದಲು z, ಅನಂತರ y, ಕೊನೆಗೆ x ಸೊನ್ನೆಯಾಗದೆ ಬೇರೆ ದಾರಿಯಿಲ್ಲ. ಪರೀಕ್ಷೆಯ ಬಲವೆಲ್ಲ ಇರುವುದು ಈ ಭಾಗಾಕಾರದಲ್ಲಿ, ಮತ್ತು ಅದು ಸೋಲುವ ಜಾಗವೂ ಇದೇ ಎಂಬುದನ್ನು ಮುಂದೆ ನೋಡುತ್ತೇವೆ.

ಕರ್ಣದ ಮೇಲಿನ ಸಂಖ್ಯೆಗಳೆಲ್ಲ ಧನವಾಗಿದ್ದರೆ ಸಾಕೆಂದು ನಂಬುವವರಿದ್ದಾರೆ. A ಮಾತೃಕೆಯ ಕೊನೆಯ 6 ಅನ್ನು 4 ಮಾಡಿ ನೋಡೋಣ. ಕರ್ಣದಲ್ಲಿ 4, 5, 4 ಇವೆ, D1 ಮತ್ತು D2 ಮೊದಲಿನಂತೆಯೇ ಉಳಿಯುತ್ತವೆ, ಆದರೆ D3 ಈಗ −16. ಮೇಲಿನ ವರ್ಗಗಳಲ್ಲಿ ಕೊನೆಯದರ ಗುಣಾಂಕ −1 ಆಗುತ್ತದೆ. ಮೊದಲ ಎರಡು ವರ್ಗಗಳನ್ನು ಸೊನ್ನೆಯಾಗಿಸುವ x = 1, y = −1, z = 1 ಹಾಕಿದರೆ ವರ್ಗರೂಪದ ಬೆಲೆ 4 + 5 + 4 − 4 − 4 − 6 = −1 ಎಂದು ನೇರವಾಗಿಯೇ ಸಿಗುತ್ತದೆ. ಇದಕ್ಕೆ ವಿರುದ್ಧವಾಗಿ, ಪೂರ್ತಿ ನಿರ್ಧಾರಕವೊಂದನ್ನೇ ನೋಡಿ ತೀರ್ಮಾನಿಸುವುದೂ ತಪ್ಪು. ಕರ್ಣದಲ್ಲಿ −1, −1, 1 ಇದ್ದು ಉಳಿದೆಡೆ ಸೊನ್ನೆಯಿರುವ ಮಾತೃಕೆಯ ನಿರ್ಧಾರಕ 1. ಎರಡು ಋಣಗಳು ಗುಣಾಕಾರದಲ್ಲಿ ಒಂದನ್ನೊಂದು ಮರೆಮಾಡಿವೆ.

ಉತ್ತರಪತ್ರಿಕೆಗಳಲ್ಲಿ ಕಾಣುವ ಇನ್ನೊಂದು ತಪ್ಪು ಮಾತೃಕೆಯನ್ನು ಬರೆಯುವ ಹಂತದಲ್ಲೇ ಆಗುತ್ತದೆ. ಗುಣಾಂಕವನ್ನು ಅರ್ಧ ಮಾಡದೆ 4, −4, 6 ಗಳನ್ನು ಎರಡೂ ಬದಿಗೆ ಪೂರ್ತಿಯಾಗಿ ಬರೆದರೆ ಉಪನಿರ್ಧಾರಕಗಳು 4, 4, −392 ಎಂದು ಬಂದು, ಧನ ನಿಶ್ಚಿತವಾದ Q ಹಾಗಲ್ಲವೆಂಬ ತೀರ್ಪು ಹೊರಬೀಳುತ್ತದೆ. ಪೂರ್ತಿ ಗುಣಾಂಕವನ್ನು ಒಂದೇ ಬದಿಗೆ ಬರೆದು ಇನ್ನೊಂದು ಬದಿಗೆ ಸೊನ್ನೆ ಇಡುವುದು ಇನ್ನೂ ಅಪಾಯಕಾರಿ, ಏಕೆಂದರೆ ಪರೀಕ್ಷೆ ಸಮಮಿತ ಮಾತೃಕೆಗಳಿಗೆ ಮಾತ್ರ ಅನ್ವಯಿಸುತ್ತದೆ.

```
| 1  4 |
| 0  1 |
```

ಇಲ್ಲಿ D1 = 1, D2 = 1. ಎರಡೂ ಧನ. ಆದರೂ ವರ್ಗರೂಪ x² + 4xy + y² ಆಗಿದ್ದು, x = 1, y = −1 ಇದ್ದಾಗ ಅದರ ಬೆಲೆ −2. ಸಮಮಿತಗೊಳಿಸಿ 4 ಮತ್ತು 0 ಇರುವಲ್ಲಿ 2 ಮತ್ತು 2 ಇಟ್ಟರೆ D2 = −3 ಆಗಿ ಸತ್ಯ ಹೊರಬರುತ್ತದೆ.

ಎಲ್ಲಕ್ಕಿಂತ ನವಿರಾದ ತಪ್ಪು ಸೊನ್ನೆಗೆ ಸಂಬಂಧಿಸಿದ್ದು. ವರ್ಗರೂಪ ಎಂದಿಗೂ ಋಣವಾಗದಿದ್ದರೆ ಸಾಕು, ಸೊನ್ನೆಯಾದರೂ ಅಡ್ಡಿಯಿಲ್ಲ ಎನ್ನುವ ಸಡಿಲ ಪ್ರಶ್ನೆಗೆ, ‘ಹೆಚ್ಚು’ ಎಂಬಲ್ಲಿ ‘ಹೆಚ್ಚು ಅಥವಾ ಸಮ’ ಎಂದು ತಿದ್ದಿ ಅದೇ ಪರೀಕ್ಷೆಯನ್ನು ಬಳಸಲು ಮನಸ್ಸಾಗುತ್ತದೆ. ಅದು ನಡೆಯುವುದಿಲ್ಲ.

```
| 1  1  1 |
| 1  1  1 |
| 1  1  0 |
```

ಇದರ ಉಪನಿರ್ಧಾರಕಗಳು 1, 0, 0. ಒಂದೂ ಋಣವಲ್ಲ. ಆದರೆ ಇದರ ವರ್ಗರೂಪ (x + y + z)² − z², ಮತ್ತು x = −1, y = 0, z = 1 ಎಂದಾಗ ಅದರ ಬೆಲೆ −1. ಮೂರನೆಯ ಗುಣಾಂಕ D3/D2 ಆಗಬೇಕಿತ್ತು, D2 ಸೊನ್ನೆಯಾದ ಕೂಡಲೇ ಆ ಭಾಗಾಕಾರಕ್ಕೆ ಅರ್ಥವಿಲ್ಲದಂತಾಯಿತು, ಅಡಗಿದ್ದ ಋಣ ಗುಣಾಂಕ ನಮ್ಮ ಲೆಕ್ಕಕ್ಕೆ ಸಿಗಲಿಲ್ಲ. ಸಡಿಲ ಪ್ರಶ್ನೆಗೆ ಉತ್ತರ ಬೇಕಾದರೆ ಮೂಲೆಯ ಮೂರರ ಬದಲು ಏಳೂ ಪ್ರಧಾನ ಉಪನಿರ್ಧಾರಕಗಳನ್ನು, ಅಂದರೆ ಒಂದೇ ಕ್ರಮಸಂಖ್ಯೆಯ ಅಡ್ಡಸಾಲು ಕಂಬಸಾಲುಗಳನ್ನು ಆರಿಸಿ ಪಡೆಯುವ ಎಲ್ಲವನ್ನೂ ನೋಡಬೇಕು. ಇಲ್ಲಿ 1 ಮತ್ತು 3ನೆಯ ಸಾಲುಗಳನ್ನು ಆರಿಸಿದರೆ −1 ಸಿಕ್ಕಿ ಗುಟ್ಟು ರಟ್ಟಾಗುತ್ತದೆ.

ಋಣ ನಿಶ್ಚಿತಕ್ಕೆ ಮೂರೂ ಋಣವಾಗಿರಬೇಕೆಂದು ಊಹಿಸುವುದೂ ಸರಿಯಲ್ಲ. −A ಮಾತೃಕೆಯ ಉಪನಿರ್ಧಾರಕಗಳು −4, 16, −16. ಚಿಹ್ನೆ ಋಣದಿಂದ ಆರಂಭವಾಗಿ ಪರ್ಯಾಯವಾಗಿ ಬದಲಾಗಬೇಕು.

ಕೈಲೆಕ್ಕಕ್ಕೆ ಒಗ್ಗುವ ಈ ವಿಧಾನವನ್ನು ದೊಡ್ಡ ಮಾತೃಕೆಗಳಿಗೆ ಹಾಗೆಯೇ ಒಯ್ಯಬಾರದು. ಕರ್ಣದಲ್ಲೆಲ್ಲ 0.1 ಇದ್ದು ಉಳಿದೆಡೆ ಸೊನ್ನೆಯಿರುವ 100×100 ಮಾತೃಕೆ ನಿಸ್ಸಂದೇಹವಾಗಿ ಧನ ನಿಶ್ಚಿತವೇ ಆದರೂ ಅದರ ನಿರ್ಧಾರಕ 10⁻¹⁰⁰, ಆದ್ದರಿಂದ ನಿರ್ಧಾರಕ ಎಷ್ಟು ಚಿಕ್ಕದೆಂಬುದನ್ನು ನೋಡಿ ಏನನ್ನೂ ಹೇಳಲಾಗದು. ಕಂಪ್ಯೂಟರಿನಲ್ಲಿ ಬಳಸುವುದು ಫ್ರೆಂಚ್ ಸೇನಾಧಿಕಾರಿ ಆಂದ್ರೆ-ಲೂಯಿ ಶೊಲೆಸ್ಕಿ (1875–1918) ಭೂಮಾಪನದ ಲೆಕ್ಕಗಳಿಗಾಗಿ ರೂಪಿಸಿದ ವಿಭಜನೆಯನ್ನು. ಅದೂ ಮೂಲತಃ ಮೇಲಿನ ವರ್ಗ ಪೂರ್ಣಗೊಳಿಸುವಿಕೆಯೇ: ಪ್ರತಿ ಗುಣಾಂಕದ ವರ್ಗಮೂಲವನ್ನು ತೆಗೆಯುತ್ತಾ ಸಾಗಿ, ಸೊನ್ನೆಯೋ ಋಣವೋ ಎದುರಾದಲ್ಲಿ ನಿಂತುಬಿಡುತ್ತದೆ. ಆದರೆ ಪೈಥಾನ್ ಭಾಷೆಯ ಗಣಿತ ಲೈಬ್ರರಿಯಾದ ನಂಪೈನ `np.linalg.cholesky` ಮಾತೃಕೆ ಸಮಮಿತವೇ ಎಂದು ಪರೀಕ್ಷಿಸುವುದಿಲ್ಲ, ಸಾಮಾನ್ಯವಾಗಿ ಕರ್ಣವನ್ನೂ ಅದರ ಕೆಳಭಾಗವನ್ನೂ ಮಾತ್ರ ಓದುತ್ತದೆ. ಮೇಲೆ ಕಂಡ 1, 4, 0, 1 ಮಾತೃಕೆಯನ್ನು ಅದಕ್ಕೆ ಕೊಟ್ಟರೆ ಯಾವ ತಕರಾರೂ ಇಲ್ಲದೆ ಉತ್ತರ ಬರುತ್ತದೆ. ಹಾಗಾಗಿ ಸಮಮಿತಿಯನ್ನು ನಾವೇ ಮೊದಲು `np.allclose(A, A.T)` ಎಂದು ಕೇಳಿ ನೋಡಿಕೊಳ್ಳಬೇಕು.