ನುಂಗಿ ಹೋದ ಕಾರ್ವೆ

ನಲವತ್ತು ದಾಟಿದ ಮೇಲೆ ವೀಣೆ ಕಲಿಯಲು ಶುರು ಮಾಡಿದವನು ನಾನು. ನಮ್ಮ ಟೀಚರ್ ದಿನಾ ಹೇಳುತ್ತಿದ್ದುದು ಒಂದೇ ಮಾತು: ‘ಓಡ್ತಾ ಇದ್ದೀರಿ.’ ನನಗೋ ಓಡಿದ ಹಾಗೆ ಅನಿಸುತ್ತಲೇ ಇರಲಿಲ್ಲ. ಕೊನೆಗೊಂದು ದಿನ ಲೆಕ್ಕ ಹಾಕಿದೆ.

ಸರಳೆ ವರಸೆಯಲ್ಲಿ ‘ಸ ರಿ ಗ ಮ ಪ , ಸ ರಿ’ ಎಂದು ಶುರುವಾಗುವ ಪಾಠ ಗೊತ್ತಲ್ವಾ? ಪಂಚಮದ ಮುಂದಿನ ಆ ಅಲ್ಪವಿರಾಮವೇ ಕಾರ್ವೆ. ಅಲ್ಲಿ ಒಂದು ಅಕ್ಷರದಷ್ಟು, ಅಂದರೆ ತಾಳದ ಒಂದು ಎಣಿಕೆಯಷ್ಟು ಹೊತ್ತು ಹೊಸದೇನೂ ನುಡಿಸದೆ ಕಾಯಬೇಕು. ಅವರೋಹಣದಲ್ಲಿ ಮಧ್ಯಮದ ಮುಂದೆಯೂ ಇಂಥದ್ದೇ ಒಂದು ಕಾರ್ವೆ ಇದೆ. ಆರೋಹಣ, ಅವರೋಹಣ ಸೇರಿ ಆದಿತಾಳದ ನಾಲ್ಕು ಆವರ್ತ, ಅಂದರೆ 32 ಅಕ್ಷರ. ಎರಡು ಸಲ ನುಡಿಸಿದರೆ 64. ಮೆಟ್ರೊನೋಮ್ 50ರಲ್ಲಿದ್ದರೆ, ಅಂದರೆ ನಿಮಿಷಕ್ಕೆ 50 ಕ್ಲಿಕ್ ಆದರೆ, ಒಂದು ಅಕ್ಷರಕ್ಕೆ 1.2 ಸೆಕೆಂಡು, ಒಟ್ಟು ಸುಮಾರು 77 ಸೆಕೆಂಡು. 50ರ ಕ್ಲಿಕ್ ಕೇಳಿಸಿಕೊಂಡು, ಅದನ್ನು ಆಫ್ ಮಾಡಿ, ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಬಂದದ್ದು 73.

ಕಳೆದುಹೋದ ನಾಲ್ಕು ಸೆಕೆಂಡು ಎಲ್ಲಿ ಹೋಯಿತು? ಅರ್ಧಕ್ಕಿಂತ ಜಾಸ್ತಿ ಹೋದದ್ದು ನಾಲ್ಕೇ ಜಾಗದಲ್ಲಿ, ನಾಲ್ಕು ಕಾರ್ವೆಗಳಲ್ಲಿ. ಸ್ವರಗಳು ಹೆಚ್ಚುಕಮ್ಮಿ ಸರಿಯಾಗೇ ಇದ್ದವು. ವೀಣೆಯ ತಂತಿ ಮೀಟಿದ ಕೂಡಲೇ ನಾದ ಇಳಿಯತೊಡಗುತ್ತದೆ. ಆ ಮೌನ ಬಂದಾಗ ಕೈ ತಡೆಯುವುದಿಲ್ಲ. ಪಕ್ಕದ ತಾಳದ ತಂತಿಗಳನ್ನು ಕಿರುಬೆರಳಲ್ಲಿ ಮೀಟಿಕೊಂಡೇ ನುಡಿಸಿದ್ದೆ, ನಿಜ. ಆದರೆ ಅದೂ ನನ್ನದೇ ಬೆರಳು, ನನ್ನ ಜೊತೆಗೇ ಓಡಿತು.

ಉದ್ದನೆಯ ಖಾಲಿ ಹೊತ್ತನ್ನು ಅಳೆಯುವುದು ಮನಸ್ಸಿಗೆ ಕಷ್ಟ. ಹೊತ್ತು ಉದ್ದವಾದಷ್ಟೂ ಅಂದಾಜಿನ ತಪ್ಪು ದೊಡ್ಡದಾಗುತ್ತದೆ. ತಪ್ಪು ನೂರಕ್ಕೆ ಐದು ಅಂದುಕೊಳ್ಳಿ. ಪಂಚಮ ಮತ್ತು ಅದರ ಕಾರ್ವೆ ಸೇರಿ 2.4 ಸೆಕೆಂಡು, ತಪ್ಪು 120 ಮಿಲಿಸೆಕೆಂಡು. ಅದನ್ನೇ 300 ಮಿಲಿಸೆಕೆಂಡಿನ ಎಂಟು ಚೂರು ಮಾಡಿದರೆ ಒಂದೊಂದರ ತಪ್ಪು 15. ಒಂದು ಚೂರು ಉದ್ದ, ಇನ್ನೊಂದು ಗಿಡ್ಡ ಆಗಿ ಒಂದಕ್ಕೊಂದು ಹೊಡೆದುಹೋಗುವುದರಿಂದ ಒಟ್ಟು ತಪ್ಪು ಸುಮಾರು 42ಕ್ಕೆ ಇಳಿಯುತ್ತದೆ. ಚೂರು ಮಾಡಲು ಮಾತು ನಮ್ಮಲ್ಲೇ ಇದೆ: ತಕಧಿಮಿ. ಪಂಚಮಕ್ಕೆ ಒಂದು, ಕಾರ್ವೆಗೆ ಒಂದು, ಮನಸ್ಸಿನಲ್ಲೇ. ಈಗ ಕಾರ್ವೆ ಖಾಲಿ ಇಲ್ಲ.

ಆದರೆ ಎಲ್ಲ ಚೂರೂ ಒಂದೇ ಕಡೆ ಗಿಡ್ಡವಾದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಓಡುವ ಚಟ ಅಂದರೆ ಅದೇ ತಾನೇ? ಅದನ್ನು ತೋರಿಸಿಕೊಡಲು ಹೊರಗಿನ ಕ್ಲಿಕ್ ಬೇಕು.

ಮೊದಲ ವಾರ ಮೆಟ್ರೊನೋಮನ್ನು 200ಕ್ಕೆ ಇಟ್ಟೆ, ಅಕ್ಷರಕ್ಕೆ ನಾಲ್ಕು ಕ್ಲಿಕ್. ಆಮೇಲೆ 100, ಆಮೇಲೆ 50. ನುಡಿಸುವ ವೇಗ ಮಾತ್ರ ಅದೇ. ಮೀಟು ಸರಿಯಾಗಿ ಬಿದ್ದರೆ ಕ್ಲಿಕ್ ನಾದದೊಳಗೆ ಮುಳುಗಿ ಕೇಳಿಸುವುದೇ ಇಲ್ಲ. ಮೀಟಿದ ಮೇಲೆ ‘ಟಕ್’ ಅಂತ ಬೇರೆಯಾಗಿ ಕೇಳಿದರೆ ನೀವು ಮುಂದೆ ಹೋಗಿದ್ದೀರಿ. ಕೂದಲೆಳೆಯಷ್ಟು ಮುಂದಿದ್ದರೆ ಗಾಬರಿ ಬೇಡ. ಕ್ಲಿಕ್ಕಿಗೆ ಸರಿಯಾಗಿ ಬೆರಳು ತಟ್ಟಿ ಅಂದರೆ ಸಾಮಾನ್ಯವಾಗಿ ಜನ ಗೊತ್ತಿಲ್ಲದೆಯೇ ಹತ್ತಾರು ಮಿಲಿಸೆಕೆಂಡು ಮೊದಲೇ ತಟ್ಟುತ್ತಾರೆ. ಅದು ಬೆಳೆಯುತ್ತಾ ಹೋದರೆ ಮಾತ್ರ ಓಟ.

ಕ್ಲಿಕ್ ಜಾಸ್ತಿ ಇದ್ದರೆ ಇನ್ನೊಂದು ಮೋಸ ಇದೆ. ಓಡಿ ಹೋಗಿ ಮುಂದಿನ ಕ್ಲಿಕ್ಕಿಗೆ ಕಾಯುತ್ತಾ ನಿಲ್ಲುತ್ತೇವೆ, ತಪ್ಪು ಮುಚ್ಚಿಹೋಗುತ್ತದೆ. ಹಾಗಾಗಿ ಕೊನೆಗೆ ಮೆಟ್ರೊನೋಮನ್ನು 25ಕ್ಕೆ ಇಳಿಸಿದೆ, ಎರಡು ಅಕ್ಷರಕ್ಕೊಂದು ಕ್ಲಿಕ್. ಈ ಪಾಠಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ: ಒಂದು ಕ್ಲಿಕ್ ಪಂಚಮದ ಮೇಲೆ, ಮುಂದಿನದು ಕಾರ್ವೆ ಮುಗಿದ ಮೇಲಿನ ಷಡ್ಜದ ಮೇಲೆ. ನಡುವೆ ಏನೂ ಇಲ್ಲ. ಕಾರ್ವೆ ನುಂಗಿದರೆ ಷಡ್ಜದಲ್ಲೇ ಸಿಕ್ಕಿಬೀಳುತ್ತೀರಿ.

ಇಷ್ಟಾದ ಮೇಲೆ ವೇಗ. ನಮ್ಮ ಪದ್ಧತಿಯಲ್ಲಿ ಒಂದನೇ ಕಾಲದಿಂದ ಎರಡನೆಯದಕ್ಕೆ ಹೋದರೆ ಒಮ್ಮೆಗೇ ದುಪ್ಪಟ್ಟು. ಅದರಿಂದ ಬೇರೆ ಉಪಯೋಗ ಇದೆ, ಆದರೆ ಓಟ ಬಿಡಿಸಲು ಆ ಜಿಗಿತ ತುಂಬಾ ದೊಡ್ಡದು ಅಂತ ನನ್ನ ಅನುಭವ. ಹಳೆಯ ಕೀಲಿ ಮೆಟ್ರೊನೋಮಿನ ಪಟ್ಟಿಯಲ್ಲಿ 50, 52, 54, 56, 58, 60, ಆಮೇಲೆ 63, 66 ಎಂದು ಅಂಕಿಗಳಿರುತ್ತವೆ. ಒಂದೊಂದು ಮೆಟ್ಟಿಲೂ ನೂರಕ್ಕೆ ಮೂರರಿಂದ ಐದರಷ್ಟೇ. ನಾನು ಅದನ್ನೇ ಹಿಡಿದೆ. ಸತತ ಮೂರು ಸಲ ಸರಿ ಬಂದರೆ ಒಂದು ಮೆಟ್ಟಿಲು ಮೇಲೆ, ಕೆಟ್ಟರೆ ಎರಡು ಕೆಳಗೆ.

60 ದಾಟಿದಾಗ ತಕಧಿಮಿಯೇ ತೊಡಕಾಯಿತು. 60ರಲ್ಲಿ ಒಂದೊಂದು ಚೂರಿಗೆ 250 ಮಿಲಿಸೆಕೆಂಡು ಸಿಗುತ್ತದೆ, 80ಕ್ಕೆ ಬಂದರೆ 190ಕ್ಕೂ ಕಮ್ಮಿ. 200ರಿಂದ 250ಕ್ಕಿಂತ ಚಿಕ್ಕ ಚೂರುಗಳಿಂದ ಲಾಭವಿಲ್ಲ, ಕೆಲವೊಮ್ಮೆ ನಷ್ಟವೇ. ಮನಸ್ಸು ಎಣಿಸಲು ಹೋಗಿ ತಾನೇ ಓಡುತ್ತದೆ. ಆಗ ‘ತಕ’ಕ್ಕೆ ಇಳಿಯಬೇಕು, ಅಕ್ಷರಕ್ಕೆ ಎರಡೇ ಚೂರು. 80ರಲ್ಲೂ ಒಂದೊಂದಕ್ಕೆ 375 ಸಿಗುತ್ತದೆ.

ಆರು ವಾರದ ನಂತರ ಮತ್ತೆ 50ರಲ್ಲಿ, ಕ್ಲಿಕ್ ಇಲ್ಲದೆ ರೆಕಾರ್ಡ್ ಮಾಡಿದೆ. 76 ಬಂತು. ಉಳಿದ ಒಂದು ಸೆಕೆಂಡಿನಲ್ಲಿ ಹೆಚ್ಚಿನ ಪಾಲು ಅವರೋಹಣದ ಮಧ್ಯಮದ ಕಾರ್ವೆಯದು.